ಒಂದೇ R, ಒಂದೇ C: ಲೋ-ಪಾಸ್ ಫಿಲ್ಟರ್ ಕಟ್ಟಿ f0 ಮತ್ತು Q ಹುಡುಕಿದ್ದು

ಬೇಕಾಗಿದ್ದು ಬಹಳ ಸರಳ. ಕಂಪನ ಅಳೆಯುವ ಒಂದು ಸಣ್ಣ ಬೋರ್ಡ್ ಇದೆ, ಅದರಲ್ಲಿ ಸುಮಾರು 1 ಕಿಲೋಹರ್ಟ್ಸ್ ಮೇಲಿನದೆಲ್ಲ ಕಸ. ಅದನ್ನು ಕತ್ತರಿಸಿ ಹಾಕಬೇಕು. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ನೋಡಿದ್ದೆ, ಇಳಿಜಾರು ಸಾಕಾಗಲಿಲ್ಲ. ಹಾಗಾಗಿ ಎರಡನೇ ಆರ್ಡರ್‌ನ ಆಕ್ಟಿವ್ ಫಿಲ್ಟರ್ ಕಟ್ಟೋಣ ಅಂತ ಹೊರಟೆ. ಸ್ಯಾಲನ್ ಮತ್ತು ಕೀ ಎಂಬ ಇಬ್ಬರು 1955ರಲ್ಲಿ ಬರೆದಿಟ್ಟ ಸರ್ಕ್ಯೂಟ್ ಇದು, ಇವತ್ತಿಗೂ ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ.

ಡಬ್ಬಿಯಲ್ಲಿ 16 ಕಿಲೋ ಓಮ್ ರೆಸಿಸ್ಟರ್ ಒಂದು ಪಟ್ಟಿ ಇತ್ತು, 1 ಪರ್ಸೆಂಟ್‌ನವು. 10 ನ್ಯಾನೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಒಂದು ಚೀಲ ಇತ್ತು, 5 ಪರ್ಸೆಂಟ್‌ನವು. ಎರಡೂ R ಒಂದೇ, ಎರಡೂ C ಒಂದೇ ಇಟ್ಟರೆ ಲೆಕ್ಕವೂ ಸುಲಭ, ಹುಡುಕಾಟವೂ ಕಡಿಮೆ ಅಲ್ವಾ.

```
f0 = 1 / (2π R C)
   = 1 / (2π × 16000 × 10e-9)
   = 995 Hz
```

ಜೋಡಣೆ ಹೀಗೆ. ಇನ್‌ಪುಟ್‌ನಿಂದ R1, ಅಲ್ಲೊಂದು ನಡುವಿನ ಬಿಂದು, ಅಲ್ಲಿಂದ R2, ಅದು ಆಪ್‌ಆಂಪ್‌ನ ಪ್ಲಸ್ ಕಾಲಿಗೆ. ಪ್ಲಸ್ ಕಾಲಿನಿಂದ ಗ್ರೌಂಡ್‌ಗೆ C2. ನಡುವಿನ ಬಿಂದುವಿನಿಂದ C1, ಆದರೆ ಅದು ಗ್ರೌಂಡ್‌ಗೆ ಹೋಗುವುದಿಲ್ಲ, ಆಪ್‌ಆಂಪ್‌ನ ಔಟ್‌ಪುಟ್‌ಗೆ ಹೋಗುತ್ತದೆ. ಸರ್ಕ್ಯೂಟಿನ ಜೀವ ಇರುವುದು ಈ C1ನಲ್ಲಿ, ಹಾಗಾಗಿ ಹೆಸರು ನೆನಪಿಟ್ಟುಕೊಳ್ಳಿ: C1 ಔಟ್‌ಪುಟ್‌ಗೆ, C2 ಗ್ರೌಂಡ್‌ಗೆ. ಆಪ್‌ಆಂಪ್ ಟಿಎಲ್072, ಕರೆಂಟಿಗೆ ಎರಡು 9 ವೋಲ್ಟ್ ಬ್ಯಾಟರಿ, ನಡುವೆ ಗ್ರೌಂಡ್. ಚಿಪ್‌ನಲ್ಲಿ ಎರಡು ಆಪ್‌ಆಂಪ್ ಇರುತ್ತವೆ. ಬಳಸದ ಇನ್ನೊಂದನ್ನು ಸುಮ್ನೆ ಬಿಡಬೇಡಿ, ಅದರ ಔಟ್‌ಪುಟ್ಟನ್ನು ಮೈನಸ್‌ಗೆ ಸೇರಿಸಿ, ಪ್ಲಸ್ಸನ್ನು ಗ್ರೌಂಡ್‌ಗೆ ಕಟ್ಟಿಬಿಡಿ.

ಮೊದಲ ಸಲ: ಗೇನ್ 1

ಮೊದಲು ಆಪ್‌ಆಂಪನ್ನು ಬರೀ ಬಫರ್ ಆಗಿ ಇಟ್ಟೆ, ಅಂದರೆ ಮೈನಸ್ ಕಾಲು ನೇರ ಔಟ್‌ಪುಟ್‌ಗೆ. ಸಿಗ್ನಲ್ ಜನರೇಟರ್‌ನಿಂದ 1 ವೋಲ್ಟ್ ಪೀಕ್-ಟು-ಪೀಕ್ ಸೈನ್ ಕೊಟ್ಟೆ. 40 ಹರ್ಟ್ಸ್‌ನಲ್ಲಿ 1 ವೋಲ್ಟ್ ಬಂತು, ಸರಿ. 995 ಹರ್ಟ್ಸ್‌ಗೆ ಹೋದೆ. ಕಟ್‌ಆಫ್ ಇದೇ ಅಂತ ತಾನೇ ಲೆಕ್ಕ, ಅಲ್ಲಿ 0.707 ವೋಲ್ಟ್ ಸಿಗಬೇಕು ಅಂತ ಕಾಯುತ್ತಿದ್ದೆ. ಸಿಕ್ಕಿದ್ದು 0.51.

ಮೊದಲು ಜನರೇಟರ್ ಮೇಲೆ ಅನುಮಾನ ಬಂತು. ಆಮೇಲೆ ಬ್ರೆಡ್‌ಬೋರ್ಡ್ ಮೇಲೆ. ಎಲ್ಲ ತಂತಿ ಒಂದು ಸಲ ಕಿತ್ತು ಮತ್ತೆ ಚುಚ್ಚಿದೆ, ಅದೇ 0.51. ಫ್ರೀಕ್ವೆನ್ಸಿ ಕೆಳಗಿಳಿಸುತ್ತಾ ಹೋದರೆ 0.707 ವೋಲ್ಟ್ ಸಿಕ್ಕಿದ್ದು 660 ಹರ್ಟ್ಸ್‌ನಲ್ಲಿ. ಮೂರನೇ ಒಂದು ಭಾಗ ತಪ್ಪು! ಇಷ್ಟು ದೊಡ್ಡ ತಪ್ಪು 5 ಪರ್ಸೆಂಟ್ ಕೆಪಾಸಿಟರ್‌ನಿಂದ ಬರುವುದು ಸಾಧ್ಯವಿಲ್ಲ.

ತಪ್ಪು ಸರ್ಕ್ಯೂಟಿನದಲ್ಲ, ನನ್ನದು. ಮೇಲಿನ ಸೂತ್ರ ಕೊಡುವುದು f0 ಮಾತ್ರ. ಒಂದೇ RC ಇರುವ ಸರಳ ಫಿಲ್ಟರ್‌ನಲ್ಲಿ f0 ಮತ್ತು ಮೈನಸ್ 3 ಡೆಸಿಬೆಲ್ ಕಟ್‌ಆಫ್ ಎರಡೂ ಒಂದೇ ಜಾಗದಲ್ಲಿ ಬೀಳುತ್ತವೆ, ಹಾಗಾಗಿ ಎರಡನ್ನೂ ಒಂದೇ ಅಂದುಕೊಳ್ಳುವ ಅಭ್ಯಾಸ ಆಗಿಬಿಡುತ್ತದೆ. ಎರಡನೇ ಆರ್ಡರ್‌ನಲ್ಲಿ ನಡುವೆ Q ಬಂದು ಕೂರುತ್ತದೆ, ಅಂದರೆ f0 ಹತ್ತಿರ ಫಿಲ್ಟರ್ ಎಷ್ಟು ಎದ್ದು ನಿಲ್ಲುತ್ತದೆ ಅನ್ನುವ ಅಳತೆ. ಪೂರ್ತಿ ಸೂತ್ರ ಒಮ್ಮೆ ಬರೆದು ನೋಡಿದರೆ ಗೊತ್ತಾಗುತ್ತದೆ. x ಅಂದರೆ f/f0, K ಅಂದರೆ ಆಪ್‌ಆಂಪ್‌ನ ಗೇನ್.

```
H = K / (1 - x² + j·x/Q)

Q = 1 / (3 - K)        (R1=R2, C1=C2 ಆಗಿದ್ದರೆ)
```

x = 1 ಆದಾಗ, ಅಂದರೆ ಸರಿಯಾಗಿ f0ನಲ್ಲಿ, 1 ಮತ್ತು x² ಒಂದನ್ನೊಂದು ತಿಂದುಹಾಕುತ್ತವೆ. ಉಳಿಯುವುದು j/Q ಮಾತ್ರ. ಅಂದರೆ ಅಲ್ಲಿ ಗೇನ್ K ಗುಣಿಸು Q, ಫೇಸ್ ಸರಿಯಾಗಿ 90 ಡಿಗ್ರಿ ಹಿಂದೆ. ನನ್ನ K = 1, ಆದ್ದರಿಂದ Q = 1/2, ಆದ್ದರಿಂದ f0ನಲ್ಲಿ ಅರ್ಧ ವೋಲ್ಟ್. 0.51 ಬಂದದ್ದು ಸರಿಯಾಗೇ ಇದೆ. ಮೈನಸ್ 3 ಡೆಸಿಬೆಲ್ ಎಲ್ಲಿ ಬೀಳುತ್ತದೆ ಅನ್ನುವುದಕ್ಕೆ ಬೇರೆಯೇ ಲೆಕ್ಕ:

```
a   = 1 - 1/(2Q²)
f3  = f0 × √( a + √(a² + 1) )
```

Q = 0.5 ಹಾಕಿದರೆ f3 ಬರುವುದು 0.644 × f0, ಅಂದರೆ 640 ಹರ್ಟ್ಸ್. Q = 0.707 ಆದಾಗ ಮಾತ್ರ a ಸೊನ್ನೆಯಾಗಿ f3 = f0 ಆಗುತ್ತದೆ. ಅದೇ ಬಟರ್‌ವರ್ತ್, ಮೇಲ್ಭಾಗ ಚಪ್ಪಟೆಯಾಗಿರುವ ಫಿಲ್ಟರ್. ಎಲ್ಲ ಪುಸ್ತಕದಲ್ಲೂ ಕಟ್‌ಆಫ್ = 1/(2πRC) ಅಂತ ಕಾಣುತ್ತದಲ್ಲ, ಅದು ಈ ಒಂದು ಸಂದರ್ಭಕ್ಕೆ ಸರಿ.

ಇಲ್ಲಿ ಎರಡು ಸಣ್ಣ ವ್ಯತ್ಯಾಸ ಉಳಿದವು. ಬರಬೇಕಾದದ್ದು 0.50, ಬಂದದ್ದು 0.51. ಬರಬೇಕಾದದ್ದು 640, ಬಂದದ್ದು 660. ಸ್ಕೋಪ್ ಓದುವಾಗ ಆದ ತಪ್ಪಿರಬಹುದು ಅಂತ ಬಿಟ್ಟುಬಿಟ್ಟೆ. ಬಿಡಬಾರದಿತ್ತು.

ಆ 3 ಎಲ್ಲಿಂದ ಬಂತು

Q = 1/(3−K) ಅನ್ನುವುದನ್ನು ಬಾಯಿಪಾಠ ಮಾಡುವ ಬದಲು ಒಮ್ಮೆ ಬಿಡಿಸಿ ನೋಡಿದರೆ ಮುಂದಿನ ರಿಪೇರಿ ಸುಲಭ. C1 ಅನ್ನು ಔಟ್‌ಪುಟ್‌ಗೆ ಬದಲು ಗ್ರೌಂಡ್‌ಗೆ ಕಟ್ಟಿದೆ ಅಂದುಕೊಳ್ಳಿ. ಆಗ ಅದು ಒಂದರ ಹಿಂದೆ ಒಂದು ಇಟ್ಟ ಎರಡು ಸಾದಾ RC. ಅಲ್ಲಿ ಸಿಗ್ನಲ್ಲನ್ನು ಎಳೆದು ನಿಧಾನ ಮಾಡುವ ಟೈಮ್ ಕಾನ್‌ಸ್ಟೆಂಟ್‌ಗಳು ಮೂರು: R1 ಮೂಲಕ C1 ತುಂಬಬೇಕು, R1 ಮೂಲಕವೇ C2 ತುಂಬಬೇಕು, R2 ಮೂಲಕವೂ C2 ತುಂಬಬೇಕು. ಎಲ್ಲ ಒಂದೇ ಬೆಲೆಯಾದ್ದರಿಂದ ಒಟ್ಟು 3RC. ಆಗ Q ಬರೀ 1/3. ಅಷ್ಟು ಸೋಮಾರಿ ಫಿಲ್ಟರ್ ಅದು, ಕಟ್‌ಆಫ್ 0.37 × f0ಗೇ ಬಂದುಬಿಡುತ್ತದೆ.

ಈಗ C1ನ ಕೆಳಗಿನ ತುದಿಯನ್ನು ಗ್ರೌಂಡ್‌ನಿಂದ ಕಿತ್ತು ಔಟ್‌ಪುಟ್‌ಗೆ ಕೊಡಿ. ಔಟ್‌ಪುಟ್ ಮೇಲೆ ಹೋದಾಗ C1 ನಡುವಿನ ಬಿಂದುವನ್ನೂ ಮೇಲೆ ತಳ್ಳುತ್ತದೆ. ಉಯ್ಯಾಲೆಗೆ ಹಿಂದಿನಿಂದ ಕೈ ಕೊಟ್ಟ ಹಾಗೆ. ಆ ಮೂರು RCಯಲ್ಲಿ K ಗುಣಿಸು R1C1ರಷ್ಟು ಕಳೆದುಹೋಗುತ್ತದೆ. ಉಳಿದದ್ದು (3−K)RC. K ಒಂದಾದರೆ Q ಅರ್ಧ, K ಎರಡಾದರೆ Q ಒಂದು, K ಮೂರಾದರೆ ತಡೆಯುವುದು ಏನೂ ಉಳಿಯಲಿಲ್ಲ, ಫಿಲ್ಟರ್ ತಾನೇ ಕೂಗಲು ಶುರು ಮಾಡುತ್ತದೆ. ಇದೆಲ್ಲದರಲ್ಲಿ f0 ಜಾಗ ಬಿಟ್ಟು ಕದಲಲಿಲ್ಲ ಅನ್ನುವುದನ್ನು ಗಮನಿಸಿ. R, C ಕಟ್ಟುವುದು f0 ಅನ್ನು, K ಕಟ್ಟುವುದು Q ಅನ್ನು. ಒಂದೇ R ಒಂದೇ C ಇಡುವ ಜೋಡಣೆ ನನಗೆ ಇಷ್ಟವಾಗುವುದು ಇದಕ್ಕೇ, ಎರಡು ತಿರುಗುಬಟನ್ ಬೇರೆ ಬೇರೆ ಇದ್ದ ಹಾಗೆ.

ಎರಡನೇ ಸಲ: ಗೇನ್ ಸೇರಿಸಿದ್ದು

Q = 0.707 ಬೇಕಾದರೆ K = 3 − 1.414 = 1.586. ಮೈನಸ್ ಕಾಲಿನಿಂದ ಗ್ರೌಂಡ್‌ಗೆ 10 ಕಿಲೋ ಓಮ್, ಔಟ್‌ಪುಟ್‌ನಿಂದ ಮೈನಸ್ ಕಾಲಿಗೆ 5.6 ಕಿಲೋ ಮತ್ತು 270 ಓಮ್ ಸಾಲಾಗಿ. ಒಟ್ಟು 5.87 ಕಿಲೋ, K = 1.587.

ಮತ್ತೆ 1 ವೋಲ್ಟ್ ಕೊಟ್ಟು, 0.707 ವೋಲ್ಟ್ ಎಲ್ಲಿ ಸಿಗುತ್ತದೆ ಅಂತ ಹುಡುಕಿದೆ. 1435 ಹರ್ಟ್ಸ್! ಮೊದಲು ಕಡಿಮೆ ಬಂದಿತ್ತು, ಈಗ ಜಾಸ್ತಿ. ಒಂದೆರಡು ನಿಮಿಷ ತಲೆ ಕೆರೆದುಕೊಂಡು ಕೂತೆ, ಆಮೇಲೆ ನನ್ನ ಮೇಲೇ ನಗು ಬಂತು. ಈ ಫಿಲ್ಟರ್ ಕೆಳಗಿನ ಫ್ರೀಕ್ವೆನ್ಸಿಯಲ್ಲೇ 1.59 ಪಟ್ಟು ದೊಡ್ಡದು ಮಾಡುತ್ತದೆ, ಸುಮಾರು 4 ಡೆಸಿಬೆಲ್. ಮೈನಸ್ 3 ಅಂದರೆ ಅದರ ಸ್ವಂತ ಮಟ್ಟದಿಂದ 3 ಕೆಳಗೆ, ಇನ್‌ಪುಟ್‌ಗೆ ಹೋಲಿಸಿ ಅಲ್ಲ. ಹುಡುಕಬೇಕಾದದ್ದು 1.587 × 0.707, ಅಂದರೆ 1.12 ವೋಲ್ಟ್. ಕಟ್‌ಆಫ್‌ನಲ್ಲೂ ಔಟ್‌ಪುಟ್ ಇನ್‌ಪುಟ್‌ಗಿಂತ ದೊಡ್ಡದೇ ಇರುತ್ತದೆ, ನೋಡಲು ವಿಚಿತ್ರ, ಆದರೆ ಸರಿ.

1.12 ವೋಲ್ಟ್ ಸಿಕ್ಕಿದ್ದು 1036 ಹರ್ಟ್ಸ್ ಹತ್ತಿರ. 995 ಇರಬೇಕಿತ್ತು. ಅಂದರೆ f0 ತಪ್ಪೋ, Q ತಪ್ಪೋ, ಎರಡೂ ತಪ್ಪೋ? ಒಂದು f3 ಅಳೆದು ಇದನ್ನು ಹೇಳುವುದು ಆಗುವುದಿಲ್ಲ. ಎರಡನ್ನೂ ಬೇರೆ ಬೇರೆ ಅಳೆಯಬೇಕು.

f0 ಹುಡುಕುವುದು

f0ನಲ್ಲಿ ಫೇಸ್ 90 ಡಿಗ್ರಿ ಅಂತ ಮೇಲೆ ಬಂತಲ್ಲ, Q ಎಷ್ಟೇ ಇರಲಿ, K ಎಷ್ಟೇ ಇರಲಿ ಅದು ಬದಲಾಗುವುದಿಲ್ಲ. ಹಾಗಾಗಿ ಸ್ಕೋಪನ್ನು XY ಮೋಡ್‌ಗೆ ಹಾಕಿದೆ, X ಕಡೆ ಇನ್‌ಪುಟ್, Y ಕಡೆ ಔಟ್‌ಪುಟ್. ಪರದೆ ಮೇಲೆ ವಾಲಿದ ಮೊಟ್ಟೆಯಾಕಾರ ಬರುತ್ತದೆ. ಫ್ರೀಕ್ವೆನ್ಸಿ ತಿರುಗಿಸುತ್ತಾ ಹೋದರೆ ಅದು ನೆಟ್ಟಗಾಗುತ್ತದೆ, ಆಮೇಲೆ ಇನ್ನೊಂದು ಕಡೆಗೆ ವಾಲುತ್ತದೆ. ವಾಲು ಇಲ್ಲದೆ ನೆಟ್ಟಗೆ ನಿಂತ ಜಾಗವೇ f0.

ಹೇಳಲು ಚೆಂದ, ಮಾಡಲು ಸ್ವಲ್ಪ ಕಷ್ಟ. ನನಗೆ ಒಂದು ಸಲ 975 ಅನ್ನಿಸಿತು, ಇನ್ನೊಂದು ಸಲ 1005. ಕಾರಣ ಇದೆ. f0 ಹತ್ತಿರ ಫ್ರೀಕ್ವೆನ್ಸಿ 1 ಪರ್ಸೆಂಟ್ ಬದಲಾದರೆ ಫೇಸ್ ಬದಲಾಗುವುದು 0.02 × Q ರೇಡಿಯನ್. Q 0.7 ಇದ್ದರೆ ಅದು ಒಂದು ಡಿಗ್ರಿಗೂ ಕಡಿಮೆ. ಕಣ್ಣಲ್ಲಿ ನೋಡಿ ಎರಡು ಡಿಗ್ರಿ ತಪ್ಪಿದರೂ 25 ಹರ್ಟ್ಸ್ ಆಚೆ ಈಚೆ.

ಆಗ ಹೊಳೆದದ್ದು: K ಬದಲಾದರೆ f0 ಬದಲಾಗುವುದಿಲ್ಲ ಅಂತಾದರೆ, ಅಳೆಯುವಾಗ ಮಾತ್ರ K ಅನ್ನು ಜಾಸ್ತಿ ಮಾಡಿ, ಫಿಲ್ಟರ್ ಕೂಗುವ ಹಂತಕ್ಕೇ ತಂದರೆ? ಕೂಗುವಾಗ ಅದು ಕೂಗುವುದು f0ನಲ್ಲೇ. ಜನರೇಟರ್ ಬೇಡ, ಕಣ್ಣಂದಾಜು ಬೇಡ, ಸ್ಕೋಪ್‌ನ ಫ್ರೀಕ್ವೆನ್ಸಿ ಕೌಂಟರ್ ಓದಿದರೆ ಮುಗಿಯಿತು.

5.87 ಕಿಲೋ ತೆಗೆದು ಅಲ್ಲಿ 18 ಕಿಲೋ ಮತ್ತು ಅದರ ಸಾಲಿಗೆ 2 ಕಿಲೋ ಟ್ರಿಮ್‌ಪಾಟ್ ಹಾಕಿದೆ. ಇನ್‌ಪುಟ್ಟನ್ನು ಗ್ರೌಂಡ್‌ಗೆ ಕಟ್ಟಿದೆ. ಇದನ್ನು ಮರೆಯಬೇಡಿ. ನಾನು ಮೊದಲು ಜನರೇಟರ್ ವೈರ್ ಕಿತ್ತು ಹಾಗೇ ಬಿಟ್ಟಿದ್ದೆ, ಆಗ ಪ್ಲಸ್ ಕಾಲಿಗೆ ಡಿಸಿ ದಾರಿಯೇ ಇಲ್ಲ, ಔಟ್‌ಪುಟ್ ಮೆಲ್ಲಗೆ ಜಾರಿ ಬ್ಯಾಟರಿ ವೋಲ್ಟೇಜ್ ಹತ್ತಿರ ಹೋಗಿ ಅಂಟಿಕೊಂಡಿತು. ಚಿಪ್ ಸುಟ್ಟುಹೋಯಿತು ಅಂತ ಬದಲಾಯಿಸಲೂ ಹೊರಟಿದ್ದೆ.

ಟ್ರಿಮ್‌ಪಾಟ್ ನಿಧಾನವಾಗಿ ಏರಿಸಬೇಕು, ಪ್ರತಿ ಸಲ ಸ್ವಲ್ಪ ಕಾಯಬೇಕು, ಯಾಕೆಂದರೆ ಅಂಚಿನಲ್ಲಿ ಕೂಗು ಬೆಳೆಯಲು ಸಮಯ ಹಿಡಿಯುತ್ತದೆ. ಜೋರಾಗಿ ತಿರುಗಿಸಿಬಿಟ್ಟರೆ ಅಲೆಯ ತಲೆ ಮತ್ತು ಬುಡ ಬ್ಯಾಟರಿ ಮಿತಿಗೆ ಬಡಿದು ಚಪ್ಪಟೆಯಾಗುತ್ತದೆ, ಆಗ ಫ್ರೀಕ್ವೆನ್ಸಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಚಪ್ಪಟೆ ಕಾಣದಷ್ಟು ಹಿಂದಕ್ಕೆ ತಂದು, ಕೂಗು ಇನ್ನೂ ನಿಲ್ಲದ ಜಾಗದಲ್ಲಿ ಓದಿದೆ. 990 ಹರ್ಟ್ಸ್. ಎಷ್ಟು ಸಲ ನೋಡಿದರೂ 990.

f0 ಸಿಕ್ಕಿತು. 995ಕ್ಕೆ 990, ಅರ್ಧ ಪರ್ಸೆಂಟ್ ವ್ಯತ್ಯಾಸ. ಬಹಳ ಚೆನ್ನಾಗಿದೆ. ಆದರೆ ಪವರ್ ತೆಗೆದು, ರೆಸಿಸ್ಟರನ್ನು ಸರ್ಕ್ಯೂಟಿನಿಂದ ಹೊರಗೆ ತೆಗೆದು ಅಳೆದರೆ ಕೂಗು ಶುರುವಾದದ್ದು 19.0 ಕಿಲೋದಲ್ಲಿ, ಅಂದರೆ K = 2.90ರಲ್ಲಿ. 3 ಆಗಬೇಕಿತ್ತು. ರೆಸಿಸ್ಟರ್‌ಗಳೆಲ್ಲ ಮೀಟರ್‌ನಲ್ಲಿ ಸರಿಯಾಗಿವೆ. ಮೊದಲು 0.50 ಬದಲು 0.51, 640 ಬದಲು 660, ಈಗ 3 ಬದಲು 2.90. ಎಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತಿವೆ: f0 ಸರಿ ಇದೆ, Q ಮಾತ್ರ ಎಲ್ಲ ಕಡೆಯೂ ಸ್ವಲ್ಪ ಜಾಸ್ತಿ.

Q ಹುಡುಕುವುದು, ಮತ್ತು ಕಳ್ಳ ಸಿಕ್ಕಿದ್ದು

f0 ಗೊತ್ತಾದ ಮೇಲೆ Q ಅಳೆಯುವುದು ಎರಡು ಓದಿನ ಕೆಲಸ. f0ನಲ್ಲಿ ಗೇನ್ K×Q, ಕೆಳಗೆ ಗೇನ್ ಬರೀ K. ಭಾಗಿಸಿದರೆ Q. ಇನ್‌ಪುಟ್ ಎಷ್ಟು ಅಂತಲೂ ಬೇಕಾಗಿಲ್ಲ, ಎರಡೂ ಸಲ ಅಷ್ಟೇ ಇದ್ದರೆ ಸಾಕು.

```
Q = Vout(f0) / Vout(40 Hz)
```

5.87 ಕಿಲೋ ವಾಪಸ್ ಹಾಕಿದೆ. 40 ಹರ್ಟ್ಸ್‌ನಲ್ಲಿ 1.59 ವೋಲ್ಟ್. 990ರಲ್ಲಿ 1.18 ವೋಲ್ಟ್. Q = 0.74. ಲೆಕ್ಕದ ಪ್ರಕಾರ 0.708 ಬರಬೇಕಿತ್ತು. ಸೂತ್ರಕ್ಕೆ Q = 0.74, f0 = 990 ಹಾಕಿದರೆ f3 ಸರಿಯಾಗಿ 1036 ಬರುತ್ತದೆ, ನಾನು ಅಳೆದದ್ದೇ. ಅಳತೆ ಎಲ್ಲ ಒಂದಕ್ಕೊಂದು ಹೊಂದುತ್ತಿದೆ. ಹೊಂದದೇ ಇರುವುದು 1/(3−K) ಒಂದೇ.

ಆ ಸೂತ್ರದ ಪಕ್ಕ ಒಂದು ಷರತ್ತು ಇತ್ತಲ್ಲ, C1 = C2 ಆಗಿದ್ದರೆ ಅಂತ. ಕೆಪಾಸಿಟರ್ ಎರಡೂ ಕಿತ್ತು ಮೀಟರ್‌ಗೆ ಹಾಕಿದೆ. C1 10.3, C2 9.8 ನ್ಯಾನೋಫ್ಯಾರಡ್. ಎರಡೂ 5 ಪರ್ಸೆಂಟ್ ಒಳಗೇ ಇವೆ, ಕೆಪಾಸಿಟರ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. f0ಗೆ ಇವೆರಡರ ಗುಣಲಬ್ಧದ ವರ್ಗಮೂಲ ಮಾತ್ರ ಬೇಕು, ಅದು 10.05. ಹಾಗಾಗಿ ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ಮುಚ್ಚಿಹಾಕಿತು, f0 ಚೆನ್ನಾಗಿ ಬಂತು. Qಗೆ ಆ ಅದೃಷ್ಟ ಇಲ್ಲ:

```
Q = √(C1·C2) / ( 2·C2 - (K-1)·C1 )      (R ಎರಡೂ ಒಂದೇ)

  = 10.05 / ( 19.6 - 0.587 × 10.3 )
  = 10.05 / 13.55
  = 0.74
```

ಕೆಳಗಡೆ ಒಂದು ಸಂಖ್ಯೆಯಿಂದ ಇನ್ನೊಂದು ಕಳೆಯುತ್ತಿದೆ ನೋಡಿ. ತಳ್ಳುವ C1 ದೊಡ್ಡದು, ತಡೆಯುವ C2 ಸಣ್ಣದು, ಎರಡೂ ಸೇರಿ Qಯನ್ನು ಮೇಲೆತ್ತಿದವು. ಇದೇ ಸೂತ್ರಕ್ಕೆ K = 1 ಹಾಕಿದರೆ 0.513 ಬರುತ್ತದೆ, ಮೊದಲ ದಿನದ 0.51. ಛೇದ ಸೊನ್ನೆಯಾಗುವುದು K = 2.90ಕ್ಕೆ, ಕೂಗು ಶುರುವಾದ ಜಾಗ.

ನಂಬಿಕೆಗೆ ಇನ್ನೊಂದು ಪರೀಕ್ಷೆ ಮಾಡಿದೆ. ಅವೇ ಎರಡು ಕೆಪಾಸಿಟರ್, ಅದಲು ಬದಲು ಮಾಡಿ ಚುಚ್ಚಿದೆ. ಬೇರೆ ಏನೂ ಮುಟ್ಟಲಿಲ್ಲ. ಕೂಗಿಸಿ ನೋಡಿದಾಗ f0 ಅದೇ 990. ಆದರೆ 5.87 ಕಿಲೋ ಹಾಕಿ ಓದಿದರೆ 990ರಲ್ಲಿ 1.18 ಇದ್ದದ್ದು 1.07 ವೋಲ್ಟ್‌ಗೆ ಇಳಿಯಿತು. Q = 0.68. ಕಟ್‌ಆಫ್ 1036 ಇದ್ದದ್ದು ಸುಮಾರು 946. ಒಂದೇ ಚೀಲದ, ಒಂದೇ ಬೆಲೆ ಬರೆದ ಎರಡು ಕೆಪಾಸಿಟರ್ ಜಾಗ ಬದಲಾಯಿಸಿದ್ದಕ್ಕೆ ಕಟ್‌ಆಫ್ 90 ಹರ್ಟ್ಸ್ ಕದಲಿತು. ಇದನ್ನು ಕಣ್ಣಾರೆ ನೋಡದೆ ನಾನಂತೂ ನಂಬುತ್ತಿರಲಿಲ್ಲ.

ಸರಿ ಮಾಡಿದ್ದು

ಒಂದೇ ಬೆಲೆಯ ಜೋಡಿ ಆರಿಸುವುದು ಒಂದು ದಾರಿ. ಇದಕ್ಕೆ K ಸರಿಹೊಂದಿಸುವ ದಾರಿ ಹಿಡಿದೆ, ಬೋರ್ಡ್ ಒಂದೇ ತಾನೇ. ಕೆಪಾಸಿಟರ್‌ಗಳನ್ನು ಮೊದಲಿನ ಜಾಗಕ್ಕೇ ಹಾಕಿ, 5.87 ಕಿಲೋ ಜಾಗದಲ್ಲಿ 4.7 ಕಿಲೋ ಮತ್ತು 1 ಕಿಲೋ ಟ್ರಿಮ್‌ಪಾಟ್ ಇಟ್ಟೆ. ಜನರೇಟರ್ 990ರಲ್ಲಿ ನಿಲ್ಲಿಸಿ ತಿರುಗಿಸಿದೆ.

ಇಲ್ಲೊಂದು ಎಡವಟ್ಟು ಇದೆ. ಟ್ರಿಮ್‌ಪಾಟ್ ತಿರುಗಿಸಿದರೆ Q ಮಾತ್ರ ಅಲ್ಲ, 40 ಹರ್ಟ್ಸ್‌ನ ಮಟ್ಟವೂ ಬದಲಾಗುತ್ತದೆ. ಮೊದಲೇ ಓದಿಟ್ಟ 1.59ರ 0.707 ಪಟ್ಟು ಅಂತ ಗುರಿ ಇಟ್ಟುಕೊಂಡು ತಿರುಗಿಸಿದರೆ ಗುರಿಯೇ ಕದಲಿರುತ್ತದೆ. ಹಾಗಾಗಿ ಪ್ರತಿ ಸಲ ಎರಡೂ ಓದಬೇಕು: 990ರಲ್ಲಿ ಎಷ್ಟು, 40ರಲ್ಲಿ ಎಷ್ಟು, ಭಾಗಿಸಿ. ಮೂರು ಸುತ್ತಿನಲ್ಲಿ ಸಿಕ್ಕಿತು. 40ರಲ್ಲಿ 1.52, 990ರಲ್ಲಿ 1.08, Q 0.71. ಆಗ ಒಟ್ಟು ರೆಸಿಸ್ಟೆನ್ಸ್ 5.23 ಕಿಲೋ. ಲೆಕ್ಕ ಹಾಕಿದರೂ ಅದೇ ಬರುತ್ತದೆ. ಈಗ ಕಟ್‌ಆಫ್ ಹುಡುಕಿದರೆ 990, f0 ಮತ್ತು f3 ಕೊನೆಗೂ ಒಂದೇ ಜಾಗದಲ್ಲಿ.

10 ಕಿಲೋಹರ್ಟ್ಸ್‌ನಲ್ಲೂ ಒಂದು ಸಲ ನೋಡಿದೆ. ಅಲ್ಲಿ K × (f0/f)² ಆಗಬೇಕು, 15 ಮಿಲಿವೋಲ್ಟ್ ಸುತ್ತಮುತ್ತ, ಬಂತು. ಇನ್ನೂ ಬಹಳ ಮೇಲೆ ಹೋದರೆ ಇದು ಹೀಗೇ ಇಳಿಯುತ್ತಾ ಹೋಗುವುದಿಲ್ಲ. ಆಪ್‌ಆಂಪ್‌ಗೆ ಅಲ್ಲಿ ಔಟ್‌ಪುಟ್ಟನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಇರುವುದಿಲ್ಲ, ಇನ್‌ಪುಟ್ ಸಿಗ್ನಲ್ R1 ದಾಟಿ C1 ಮೂಲಕ ನೇರ ಔಟ್‌ಪುಟ್‌ಗೇ ನುಸುಳುತ್ತದೆ. ನನ್ನ ಕಸ ಕೆಲವು ಕಿಲೋಹರ್ಟ್ಸ್‌ನದ್ದು, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಉಳಿದದ್ದು ಬೇಡದ 1.52 ಗೇನ್. ಮುಂದಿನ ಹಂತ 1 ವೋಲ್ಟ್‌ಗೆ ಹೊಂದಿಸಿದ್ದು, ಅದು ಬಡಿದುಕೊಳ್ಳುತ್ತದೆ. ಇದಕ್ಕೆ ಇನ್ನೊಂದು ಆಪ್‌ಆಂಪ್ ಬೇಕಾಗಿಲ್ಲ. R1 ತೆಗೆದು ಅದರ ಜಾಗದಲ್ಲಿ ಎರಡು ರೆಸಿಸ್ಟರ್ ಹಾಕಿದರೆ ಸಾಕು: ಇನ್‌ಪುಟ್‌ನಿಂದ ನಡುವಿನ ಬಿಂದುವಿಗೆ 24 ಕಿಲೋ, ನಡುವಿನ ಬಿಂದುವಿನಿಂದ ಗ್ರೌಂಡ್‌ಗೆ 47 ಕಿಲೋ. ಇವು ಸಿಗ್ನಲ್ಲನ್ನು 0.66ಕ್ಕೆ ಇಳಿಸುತ್ತವೆ, 1.52 × 0.66 ಅಂದರೆ ಹೆಚ್ಚುಕಡಿಮೆ 1. ಫಿಲ್ಟರ್ ಕಣ್ಣಿಗೆ ಇವೆರಡೂ ಪ್ಯಾರಲಲ್ ಆಗಿ ಕಾಣುತ್ತವೆ, 15.9 ಕಿಲೋ, ಹಳೆಯ 16ರಷ್ಟೇ. f0 ಮೂರ್ನಾಲ್ಕು ಹರ್ಟ್ಸ್ ಮೇಲೆ ಹೋಯಿತು, Q ಅಲ್ಲೇ ಇದೆ. ಇದೇ ಕಾರಣಕ್ಕೆ ಇನ್ನೊಂದು ಮಾತು: ಫಿಲ್ಟರ್‌ಗೆ ಸಿಗ್ನಲ್ ಕೊಡುವ ಹಂತದ ಔಟ್‌ಪುಟ್ ರೆಸಿಸ್ಟೆನ್ಸ್ ಕೂಡ R1ಗೆ ಸೇರಿಕೊಳ್ಳುತ್ತದೆ. ಜನರೇಟರ್‌ನ 50 ಓಮ್ ಗೊತ್ತೇ ಆಗಲಿಲ್ಲ, ಆದರೆ R1 ಒಂದೇ 16 ಕಿಲೋ ಆಗಿರುವಾಗ 1 ಕಿಲೋ ಓಮ್ ಇರುವ ಸೆನ್ಸರ್ ನೇರವಾಗಿ ಕೊಟ್ಟರೆ f0 3 ಪರ್ಸೆಂಟ್ ಇಳಿಯುತ್ತದೆ.

ಎಲ್ಲಿಯವರೆಗೆ ನಂಬಬಹುದು

ಈ ಜೋಡಣೆ ಇಷ್ಟವಾಯಿತು ಅಂತ ಎಲ್ಲ ಕಡೆ ಹಾಕಲು ಹೋಗಬೇಡಿ. ನನ್ನ ಇದೇ ಎರಡು ಕೆಪಾಸಿಟರ್ ಇಟ್ಟುಕೊಂಡು Q = 5 ಬೇಕು ಅಂತ K = 2.8 ಹಾಕಿದ್ದರೆ ಏನಾಗುತ್ತಿತ್ತು ಅಂತ ಕಾಗದದ ಮೇಲೆ ಹಾಕಿ ನೋಡಿದೆ. ಒಂದು ಕಡೆ ಚುಚ್ಚಿದರೆ Q = 9.5, ಅದಲು ಬದಲು ಮಾಡಿದರೆ 3.4. ಛೇದದಲ್ಲಿ 19.6ರಿಂದ 18.5 ಕಳೆಯುತ್ತಿದ್ದೇವೆ, ಉಳಿಯುವುದು ಒಂದು ಚೂರು, ಆ ಚೂರಿನ ಮೇಲೆ Q ನಿಂತಿದೆ. ಬಿಸಿಗೆ ಕೆಪಾಸಿಟರ್ ಸ್ವಲ್ಪ ಬದಲಾದರೂ ಅದು ಕೂಗುವ ಕಡೆಗೆ ಜಾರಬಹುದು. Q ಎರಡಕ್ಕಿಂತ ಮೇಲೆ ಬೇಕಾದರೆ ನಾನಂತೂ ಬೇರೆ ಜೋಡಣೆ ನೋಡುತ್ತೇನೆ. 0.7 ಹತ್ತಿರದ ಕೆಲಸಕ್ಕೆ ಇದು ಆರಾಮ.

ಎರಡನೇ ಬೋರ್ಡ್ ಈಗ ಮೇಜಿನ ಮೇಲಿದೆ, ಅದಕ್ಕೆ ಇನ್ನೂ ಕಡಿದಾದ ಇಳಿಜಾರು ಬೇಕು. ಹಾಗಾಗಿ ಇಂಥದ್ದೇ ಎರಡು ಹಂತ ಸಾಲಾಗಿ ಇಟ್ಟು ನಾಲ್ಕನೇ ಆರ್ಡರ್ ಬಟರ್‌ವರ್ತ್. ಅದಕ್ಕೆ ಎರಡೂ ಹಂತ 0.707 ಇಟ್ಟರೆ ಆಗುವುದಿಲ್ಲ, f0ನಲ್ಲಿ 6 ಡೆಸಿಬೆಲ್ ಹೋಗಿಬಿಡುತ್ತದೆ. ಒಂದರ Q 0.541, ಇನ್ನೊಂದರದ್ದು 1.307 ಇರಬೇಕು, ಅಂದರೆ K 1.152 ಮತ್ತು 2.235. ಈ 1.307ರ ಹಂತಕ್ಕೆ ಕಣ್ಣು ಮುಚ್ಚಿ ಚೀಲದಿಂದ ಕೈಗೆ ಸಿಕ್ಕಿದ್ದು ಹಾಕುವ ಧೈರ್ಯ ಇಲ್ಲ. ನಿನ್ನೆ ಸಂಜೆ ಕೂತು 40 ಕೆಪಾಸಿಟರ್ ಅಳೆದು, ಬೆಲೆ ಬರೆದ ಚೀಟಿ ಅಂಟಿಸಿ, ಜೋಡಿ ಜೋಡಿಯಾಗಿ ಸಾಲಿಟ್ಟಿದ್ದೇನೆ. 9.8 ಮತ್ತು 10.3 ಇರುವ ಮೊದಲ ಬೋರ್ಡ್ ಟ್ರಿಮ್‌ಪಾಟ್ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಾಕಿಸಿಕೊಂಡು ಪೆಟ್ಟಿಗೆ ಸೇರಿದೆ.